ಚೀನೀ ಭಾಷೆಯಲ್ಲಿ ದೋಸೆ ಹುಯ್ಯುವುದು ಹೇಗೆ?

ಮೈಸೂರಿನ ಮನೆಯೊಂದರಲ್ಲಿ ಚಿತ್ರೀಕರಿಸಿದ ಸಾದಾ ದೋಸೆಯ ವಿಡಿಯೊ ಎಂದಿಟ್ಟುಕೊಳ್ಳೋಣ. ಕ್ಯಾಮೆರಾದ ಹಿಂದೆ ಮಗ, ಮುಂದೆ ಅಮ್ಮ. ಅಮ್ಮ ಹೇಳುವುದು ಇಷ್ಟೇ: "ಎರಡು ಲೋಟ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ ನೆನೆಹಾಕಿ ನುಣ್ಣಗೆ ರುಬ್ಬಿಕೊಳ್ಳಿ. ರಾತ್ರಿಯಿಡೀ ಬಿಟ್ಟರೆ ಹುದುಗು ಬಂದಿರುತ್ತೆ. ಬೆಳಿಗ್ಗೆ ಕಾವಲಿ ಕಾಯಿಸಿ ದೋಸೆ ಹುಯ್ಯಿರಿ." ಕನ್ನಡದ ನೋಡುಗರಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಲೋಟ ಎಷ್ಟು ದೊಡ್ಡದು, ಅಕ್ಕಿ ಯಾವುದು, ರಾತ್ರಿ ಎಷ್ಟು ಬೆಚ್ಚಗಿರುತ್ತದೆ, ಕಾವಲಿ ಕಾದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲವೂ ಅವರಿಗೆ ಮೊದಲೇ ಗೊತ್ತು. ಇದೇ ಮಾತುಗಳನ್ನು ಚೀನೀ ಭಾಷೆಗೆ ಇಳಿಸಿ ಹೊರಬಿಟ್ಟರೆ, ಅದನ್ನು ನೋಡಿ ಅಡುಗೆಗೆ ಇಳಿದವರ ಮನೆಯಲ್ಲಿ ಮರುದಿನ ಬೆಳಿಗ್ಗೆ ದೋಸೆ ಆಗುವುದಿಲ್ಲ, ಅಂಟು ಮುದ್ದೆ ಆಗುತ್ತದೆ.

ಸ್ಕ್ರಿಪ್ಟ್ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನೋಡುವವರು ಯಾವ ಊರಿನ ಚೀನೀಯರು ಎಂಬುದು. ಚೀನಾದ ಒಳಗೆ ಯೂಟ್ಯೂಬ್ 2009ರಿಂದ ತೆರೆಯುವುದಿಲ್ಲ. ಅಲ್ಲಿನವರು ಅಡುಗೆ ವಿಡಿಯೊ ನೋಡುವುದು ಬಿಲಿಬಿಲಿ, ಶ್ಯಾವ್‌ಹೊಂಗ್‌ಶು, ದೋವ್‌ಯಿನ್‌ಗಳಲ್ಲಿ. ಯೂಟ್ಯೂಬ್‌ನಲ್ಲಿ ಸಿಗುವ ಚೀನೀ ನೋಡುಗರು ಹೆಚ್ಚಾಗಿ ಮಲೇಷ್ಯಾ, ಸಿಂಗಪುರ, ತೈವಾನ್, ಹಾಂಗ್‌ಕಾಂಗ್, ಉತ್ತರ ಅಮೆರಿಕದವರು. ಈ ಗುಂಪುಗಳ ನಡುವಿನ ಅಂತರ ಸಣ್ಣದಲ್ಲ. ಸಿಂಗಪುರದ ಚೀನೀ ಕುಟುಂಬ ಬೀದಿಯ ತಮಿಳು ಹೋಟೆಲಿನಲ್ಲಿ 'ತೋಸೈ' ತಿಂದೇ ಬೆಳೆದಿರುತ್ತದೆ; ಲಿಟಲ್ ಇಂಡಿಯಾಕ್ಕೆ ಹೋದರೆ ಉದ್ದಿನಬೇಳೆ ಸಿಗುತ್ತದೆ, ಹವೆಯೂ ನಮ್ಮ ಮಂಗಳೂರಿನಂತೆ ಬೆಚ್ಚಗೆ. ಬೀಜಿಂಗಿನ ಬಹುಪಾಲು ಮನೆಗಳಲ್ಲಿ ಇದಾವುದೂ ಇಲ್ಲ. ಅಕ್ಷರವೂ ಎರಡು ಬಗೆ: ಚೀನಾ, ಸಿಂಗಪುರ, ಮಲೇಷ್ಯಾಗಳಿಗೆ ಸರಳೀಕೃತ ಲಿಪಿ, ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಿಗೆ ಸಾಂಪ್ರದಾಯಿಕ ಲಿಪಿ. ಕಷ್ಟದ ನೋಡುಗರನ್ನೇ, ಅಂದರೆ ದೋಸೆಯನ್ನು ಕಣ್ಣಾರೆ ಕಂಡಿರದ ಚೀನಾದ ಗೃಹಿಣಿಯನ್ನೇ, ಎದುರಿಗಿಟ್ಟುಕೊಂಡು ಬರೆದರೆ ಉಳಿದವರಿಗೆ ತಾನಾಗಿ ಅನುಕೂಲವಾಗುತ್ತದೆ.

ಮೊದಲು ಹೋಗಬೇಕಾದದ್ದು ಲೋಟ. ಚೀನೀ ಮನೆಗಳಲ್ಲಿ ಅಳತೆಯ ಬಟ್ಟಲೆಂದರೆ ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಲೋಟ. ಅದರಲ್ಲಿ ಹಿಡಿಯುವುದು ಸುಮಾರು 180 ಮಿಲಿಲೀಟರ್ ಮಾತ್ರ. ಅಲ್ಲಿನ ಸಂತೆಯ ತೂಕವಾದ 'ಜಿನ್' ಹೇಳೋಣವೆಂದರೆ, ಚೀನಾದಲ್ಲಿ ಒಂದು ಜಿನ್ 500 ಗ್ರಾಂ, ತೈವಾನಿನಲ್ಲಿ 600. ಹಾಗಾಗಿ ಗ್ರಾಂ ಒಂದೇ ದಾರಿ. ಮನೆಯಲ್ಲಿ ಬ್ರೆಡ್ಡು, ಕೇಕು ಮಾಡುವ ಹವ್ಯಾಸ ಬೆಳೆದ ಮೇಲೆ ಅಲ್ಲಿನ ಅನೇಕ ಅಡುಗೆಮನೆಗಳಲ್ಲಿ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇರುತ್ತದೆ. ಅಮ್ಮನ ಲೋಟವನ್ನು ತೂಗಿ ನೋಡಿದರೆ ಲೆಕ್ಕ ಹೀಗೆ ನಿಲ್ಲುತ್ತದೆ: ಅಕ್ಕಿ 400 ಗ್ರಾಂ, ಉದ್ದಿನಬೇಳೆ 100 ಗ್ರಾಂ, ಮೆಂತ್ಯ 5 ಗ್ರಾಂ, ಉಪ್ಪು 10 ಗ್ರಾಂ, ರುಬ್ಬಲು ನೀರು ಸುಮಾರು 500 ಮಿಲಿಲೀಟರ್. ಇದರಲ್ಲಿ ಹದಿನೈದರಷ್ಟು ದೋಸೆ ಏಳುತ್ತವೆ. ಅವಲಕ್ಕಿ ಅಲ್ಲಿ ಸುಲಭವಾಗಿ ಸಿಗುವ ಸಾಮಾನಲ್ಲ, ಅದರ ಬದಲು ಮಿಕ್ಕ ಅನ್ನ 80 ಗ್ರಾಂ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ.

ಬರೀ 'ಅಕ್ಕಿ' ಎಂದು ಬಿಟ್ಟರೆ ಸಾಲದು. ಬೀಜಿಂಗಿನ ಮನೆಯ ಡಬ್ಬಿಯಲ್ಲಿರುವುದು ಬಹುಪಾಲು ಗುಂಡು ಗುಂಡಾದ, ಬೇಯಿಸಿದರೆ ಒಂದಕ್ಕೊಂದು ಅಂಟುವ ಜಿಂಗ್ ಮಿ. ಅದರ ಪಿಷ್ಟದಲ್ಲಿ ಅಮೈಲೋಸ್ ಅಂಶ ಕಡಿಮೆ. ಅಂಥ ಅಕ್ಕಿಯ ಹಿಟ್ಟು ಕಾವಲಿಗೆ ಬಿದ್ದೊಡನೆ ಜಿಗಿಯಾಗುತ್ತದೆ. ಗರಿಯಾಗುವುದಿಲ್ಲ, ಅಂಚು ಬಿಡುವುದಿಲ್ಲ. ನಮ್ಮ ದೋಸೆ ಅಕ್ಕಿಯ ಜಾತಿಗೆ ಸೇರಿದ್ದು ದಕ್ಷಿಣ ಚೀನಾದಲ್ಲಿ ಬೆಳೆಯುವ ಉದ್ದ ಕಾಳಿನ ಶ್ಯೆನ್ ಮಿ. ಪರದೆಯ ಮೇಲೆ 籼米 ಎಂಬ ಎರಡು ಅಕ್ಷರ ಎದ್ದುಕಾಣುವಂತೆ ಮೂಡಬೇಕು. ಅಂಗಡಿಯ ಆ್ಯಪ್‌ನಲ್ಲಿ ನೋಡುಗರು ಹುಡುಕುವುದು ಅದನ್ನೇ. ತೈವಾನಿನವರಿಗೆ ಮಾಡುವ ಆವೃತ್ತಿಯಲ್ಲಿ ಇದೇ ಜಾತಿಯ ಅಕ್ಕಿಗೆ 在來米, ಅಂದರೆ ಝಾಯ್‌ಲಾಯ್ ಮಿ, ಎಂದು ಬರೆಯಬೇಕು.

ನಿಜವಾದ ಗುಂಡಿ ಇರುವುದು ಉದ್ದಿನಬೇಳೆಯಲ್ಲಿ. ಉದ್ದು ಹೊರಗೆ ಕಪ್ಪು, ಒಳಗೆ ಬಿಳಿ ಎಂದು ತಿಳಿದ ಅನುವಾದಕರು ಅದನ್ನು ಹೇಯ್ ದೋವ್, ಕಪ್ಪು ಕಾಳು, ಎಂದು ಬರೆದುಬಿಡುವುದು ಸುಲಭ. ಚೀನಾದ ಯಾವ ಅಂಗಡಿಯಲ್ಲಿ ಆ ಹೆಸರು ಹೇಳಿದರೂ ಕೊಡುವುದು ಕಪ್ಪು ಸೋಯಾಬೀನ್. ಸೋಯಾ ರುಬ್ಬಿದರೆ ಹಾಲಾಗುತ್ತದೆ, ನೊರೆ ಹಿಡಿದಿಡುವ ಹಿಟ್ಟಾಗುವುದಿಲ್ಲ. ಉದ್ದಿಗೆ ಅಲ್ಲಿ ಸರಿಯಾಗಿ ಸಲ್ಲುವ ಹೆಸರು 黑吉豆, ಹೇಯ್ ಜಿ ದೋವ್. ಸಿಪ್ಪೆ ತೆಗೆದದ್ದು ಎಂದೂ ಸೇರಿಸಬೇಕು, ಜೊತೆಗೆ ಬಿಳಿ ಬೇಳೆಯನ್ನು ಅಂಗೈಯಲ್ಲಿ ಹಿಡಿದು ಹತ್ತಿರದಿಂದ ತೋರಿಸಬೇಕು. ಭಾರತೀಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಅದನ್ನು ತರಿಸಿಕೊಳ್ಳಬಹುದು. ಮೆಂತ್ಯದ ವಿಚಾರ ಇಷ್ಟು ಕಷ್ಟವಿಲ್ಲ. ಹು ಲು ಬಾ ಎಂಬ ಹೆಸರಿನಲ್ಲಿ ಮೆಂತ್ಯದ ಕಾಳು ಚೀನೀ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ವಾಯವ್ಯದ ಗಾನ್ಸು, ಚಿಂಗ್‌ಹಾಯ್ ಕಡೆಯವರು ಆ ಗಿಡದ ಒಣಸೊಪ್ಪಿನ ಪುಡಿಯನ್ನು ಹಬೆಯಲ್ಲಿ ಬೇಯಿಸುವ ರೊಟ್ಟಿಯ ಪದರಗಳ ನಡುವೆ ಉದುರಿಸುವುದುಂಟು. ಈ ಒಂದು ಸಾಲನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಿದರೆ ಅಪರಿಚಿತ ಕಾಳು ಸಟ್ಟನೆ ಪರಿಚಿತವಾಗುತ್ತದೆ.

ಉದ್ದಿನ ಬದಲು ಅಲ್ಲಿ ಧಾರಾಳವಾಗಿ ಸಿಗುವ ಹೆಸರುಬೇಳೆ ಹಾಕಬಹುದೇ ಎಂಬುದು ಬರುವ ಮೊದಲ ಪ್ರಶ್ನೆ. ಹಾಕಬಹುದು, ಆದರೆ ಅದು ಬೇರೆ ದೋಸೆ. ಉದ್ದಿನಲ್ಲಿರುವ ಲೋಳೆಯಂಥ ಅಂಶವೂ ಪ್ರೋಟೀನೂ ಸೇರಿ ಹುದುಗುವಾಗ ಹುಟ್ಟುವ ಗಾಳಿಯನ್ನು ಹಿಡಿದಿಡುತ್ತವೆ. ಹೆಸರುಬೇಳೆಗೆ ಆ ಹಿಡಿತವಿಲ್ಲ. ಹುದುಗಿಸದೆಯೇ ಹುಯ್ಯುವ ಹೆಸರುಬೇಳೆ ದೋಸೆ ಆಂಧ್ರದಲ್ಲಿ ಪೆಸರಟ್ಟು ಎಂದು ಪ್ರಸಿದ್ಧ. ಚೀನಾದ ಟ್ಯಾಂಜಿನ್ ನಗರದ ಬೆಳಗಿನ ತಿಂಡಿ ಜ್ಯೆನ್ ಬಿಂಗ್ ಗ್ವೋಜಕ್ಕೂ ಹೆಸರುಕಾಳಿನ ಹಿಟ್ಟೇ ಮೂಲ. ವುಹಾನಿನ ದೋವ್ ಪಿಯಲ್ಲಿ ಅಕ್ಕಿ ಮತ್ತು ಹೆಸರು ಎರಡನ್ನೂ ಸೇರಿಸಿ ರುಬ್ಬಿದ ಹಿಟ್ಟನ್ನು ಬಾಣಲೆಯಲ್ಲಿ ಹರಡುತ್ತಾರೆ. ಅಕ್ಕಿ, ಬೇಳೆ ರುಬ್ಬಿ ತೆಳ್ಳಗೆ ಹರಡುವುದು ಚೀನೀಯರಿಗೆ ಹೊಸದೇನಲ್ಲ ಎಂಬುದನ್ನು ವಿಡಿಯೊದ ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡುವುದು ಜಾಣತನ. ಅವರಿಗೆ ಹೊಸದು ಅದನ್ನು ರಾತ್ರಿಯಿಡೀ ಹುದುಗಿಸುವುದು. ವಿಡಿಯೊದ ಸಮಯ ವ್ಯಯವಾಗಬೇಕಾದದ್ದೂ ಅಲ್ಲಿಯೇ.

ರುಬ್ಬುವ ಗ್ರೈಂಡರ್ ಅಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ. ಇರುವುದು ಪೊ ಬಿ ಜಿ ಎಂಬ ಅತಿವೇಗದ ಮಿಕ್ಸಿ. ಸೋಯಾಹಾಲು, ಕಾಳಿನ ಗಂಜಿ ಮಾಡಲು ಬಳಸುವ ಈ ಯಂತ್ರಗಳಲ್ಲಿ ಹಲವು ತಾವೇ ಬಿಸಿ ಮಾಡಿ ಬೇಯಿಸುತ್ತವೆ ಕೂಡ. ಅಭ್ಯಾಸಬಲದಿಂದ ಆ ಗುಂಡಿ ಒತ್ತಿದರೆ ಉದ್ದಿನ ಹಿಟ್ಟು ಅಲ್ಲೇ ಗಂಜಿ. ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆಯಬೇಕು: ಬಿಸಿ ಮಾಡುವ ಗುಂಡಿ ಮುಟ್ಟಬೇಡಿ, ಫ್ರಿಜ್ಜಿನ ತಣ್ಣೀರು ಹಾಕಿ, ಅರ್ಧ ನಿಮಿಷ ತಿರುಗಿಸಿ ನಿಲ್ಲಿಸಿ, ಜಾರಿನ ಹೊರಮೈ ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಕಾಯಿರಿ. 'ನುಣ್ಣಗೆ' ಎಂಬ ಮಾತಿನ ಜಾಗದಲ್ಲಿ ಒಂದು ಪರೀಕ್ಷೆ ಕೊಡಬೇಕು. ಉದ್ದಿನ ಹಿಟ್ಟಿನ ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಇಡೀ ಅಡುಗೆಯಲ್ಲೇ ಇಲ್ಲ. ಭಾಷೆ ಬಾರದವರಿಗೂ ಅರ್ಥವಾಗುತ್ತದೆ. ಅಕ್ಕಿಯನ್ನು ಅಷ್ಟು ನುಣುಪು ಮಾಡಬೇಕಿಲ್ಲ. ಬೆರಳ ನಡುವೆ ಉಜ್ಜಿದರೆ ಸಣ್ಣ ಮರಳಿನ ತರಿ ಸಿಕ್ಕಬೇಕು.

ಇನ್ನು ರಾತ್ರಿ. ನಮ್ಮ ರಾತ್ರಿಗೂ ಅವರ ರಾತ್ರಿಗೂ ಅಜಗಜಾಂತರ. ಹಿಟ್ಟಿಗೆ ಹಿತವಾದದ್ದು ಸುಮಾರು 28ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ. ಅಷ್ಟಿದ್ದರೆ ಬೇಳೆಯೊಡನೆ ಬಂದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಎಂಟರಿಂದ ಹನ್ನೆರಡು ಗಂಟೆಯಲ್ಲಿ ಕೆಲಸ ಮುಗಿಸುತ್ತವೆ. 20 ಡಿಗ್ರಿಯಲ್ಲಿ ಪೂರಾ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ವಿಚಿತ್ರವೆಂದರೆ ಚಳಿಗಾಲದಲ್ಲಿ ಹಿಮ ಬೀಳುವ ಬೀಜಿಂಗಿನ ಮನೆಗಿಂತ ದಕ್ಷಿಣದ ಶಾಂಘೈ ಮನೆಯೇ ಒಳಗೆ ಹೆಚ್ಚು ತಣ್ಣಗಿರುವುದುಂಟು. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿಯ ಉತ್ತರಕ್ಕೆ ಮಾತ್ರ ಊರಿಗೆಲ್ಲ ಸೇರಿ ಬಿಸಿನೀರಿನ ಕೊಳವೆಯ ತಾಪನ ವ್ಯವಸ್ಥೆ ಇದೆ. ಬೀಜಿಂಗಿನಲ್ಲಿ ಅದು ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ನಡೆಯುತ್ತದೆ. 'ರಾತ್ರಿಯಿಡೀ ಬಿಡಿ' ಎಂಬ ಸಾಲು ಈ ಎರಡು ಊರುಗಳಲ್ಲಿ ಎರಡು ಬೇರೆ ಫಲ ಕೊಡುತ್ತದೆ.

ಒಳ್ಳೆಯ ಸ್ಕ್ರಿಪ್ಟ್ ಇಲ್ಲಿ ಗಡಿಯಾರವನ್ನು ಬಿಟ್ಟು ಕಣ್ಣನ್ನು ನಂಬುತ್ತದೆ. ಹಿಟ್ಟನ್ನು ಉದ್ದನೆಯ ಗಾಜಿನ ಭರಣಿಗೆ ಸುರಿದು, ಮಟ್ಟ ನಿಂತ ಕಡೆ ಹೊರಗೆ ರಬ್ಬರ್ ಬ್ಯಾಂಡ್ ಹಾಕಿ ತೋರಿಸಬೇಕು. ಮಂತೋ ಮಾಡಲು ಗೋಧಿಹಿಟ್ಟು ಹುದುಗಿಸುವ ಚೀನೀ ಅಡುಗೆಯವರಿಗೆ 'ಲ್ಯಾಂಗ್ ಬೇಯ್ ದಾ', ಎರಡು ಪಟ್ಟು ಉಬ್ಬುವಿಕೆ, ದಿನಬಳಕೆಯ ಅಳತೆ. ಹಿಟ್ಟು ಬ್ಯಾಂಡಿನಿಂದ ಹೆಚ್ಚುಕಡಿಮೆ ಎರಡರಷ್ಟು ಮೇಲೇರಿ, ಚಮಚದಿಂದ ಸರಿಸಿದಾಗ ಒಳಗೆ ಜಾಲರಿಯಂತೆ ತೂತು ಕಂಡು, ಹದವಾದ ಹುಳಿವಾಸನೆ ಬಂದರೆ ಸಿದ್ಧ. ಬೇಕಾದ ಶಾಖಕ್ಕೂ ಉಪಾಯವಿದೆ: ಅಲ್ಲಿನ ಅನೇಕ ಮನೆ ಓವನ್‌ಗಳಲ್ಲಿ 发酵 ಎಂದು ಬರೆದ ಹುದುಗಿಸುವ ಗುಂಡಿ ಇರುತ್ತದೆ; ಅದನ್ನು 30 ಡಿಗ್ರಿಗೆ ಇಟ್ಟರೆ ಸಾಕು. ರೈಸ್ ಕುಕ್ಕರಿನ 'ಬಿಸಿ ಕಾಯ್ದಿಡುವ' ಗುಂಡಿಯನ್ನು ಮಾತ್ರ ಒತ್ತಬಾರದು. ಅದರ ಶಾಖ 60 ಡಿಗ್ರಿ ದಾಟುತ್ತದೆ, ಬ್ಯಾಕ್ಟೀರಿಯಾ ಸತ್ತು ಹಿಟ್ಟು ಅಡಿಯಲ್ಲಿ ಬೇಯಲು ಶುರುವಾಗುತ್ತದೆ.

ಕನ್ನಡದ ವಾಹಿನಿಗಳಿಗೆ ಊಹೆಗೂ ಬಾರದ ಒಂದು ಭಯ ಚೀನೀ ನೋಡುಗರಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಹೈಲೊಂಗ್‌ಜಿಯಾಂಗ್ ಪ್ರಾಂತ್ಯದ ಜಿಶಿ ಪ್ರದೇಶದಲ್ಲಿ ಒಂದೇ ಕುಟುಂಬದ ಕೂಟದಲ್ಲಿ ಸ್ವಾನ್ ಟಾಂಗ್ ಜ ಎಂಬ ಹುದುಗಿಸಿದ ಮುಸುಕಿನಜೋಳದ ಶಾವಿಗೆ ತಿಂದ ಒಂಬತ್ತು ಮಂದಿಯೂ ತೀರಿಕೊಂಡರು. ಅದರ ಹಿಟ್ಟು ಫ್ರೀಜರಿನಲ್ಲಿ ಸುಮಾರು ಒಂದು ವರ್ಷ ಇದ್ದದ್ದು. ತನಿಖೆಯಲ್ಲಿ ಸಿಕ್ಕಿದ್ದು ಬಾಂಗ್‌ಕ್ರೆಕಿಕ್ ಆಮ್ಲವೆಂಬ ವಿಷ. ಹುದುಗಿದ ಧಾನ್ಯದಲ್ಲಿ, ಬಹಳ ಹೊತ್ತು ಒದ್ದೆಯಾಗಿ ಬಿಟ್ಟ ಹಿಟ್ಟಿನಲ್ಲಿ ಬೆಳೆಯಬಲ್ಲ ಒಂದು ಬ್ಯಾಕ್ಟೀರಿಯಾ ಇದನ್ನು ಹುಟ್ಟಿಸುತ್ತದೆ. ಬೇಯಿಸಿದರೂ ಕುದಿಸಿದರೂ ಈ ವಿಷ ಹೋಗುವುದಿಲ್ಲ. ಆ ಸುದ್ದಿ ದೇಶವಿಡೀ ಹರಡಿದ ಮೇಲೆ, ಅಕ್ಕಿಹಿಟ್ಟನ್ನು ರಾತ್ರಿಯಿಡೀ ಹೊರಗಿಡಿ ಎಂಬ ಮಾತು ಕೇಳಿದೊಡನೆ ಅಲ್ಲಿನವರಿಗೆ ಮೊದಲು ನೆನಪಾಗುವುದು ಇದೇ.

ಇದನ್ನು ಜಾಣತನದಿಂದ ಮುಚ್ಚಿಡುವುದಕ್ಕಿಂತ ಸ್ಕ್ರಿಪ್ಟ್‌ನಲ್ಲೇ ಎತ್ತಿಕೊಳ್ಳುವುದು ಲೇಸು. ದೋಸೆಹಿಟ್ಟು ಒಂದೇ ರಾತ್ರಿಯಲ್ಲಿ ಚೆನ್ನಾಗಿ ಹುಳಿಯೇರುತ್ತದೆ, ಹುಳಿ ಆ ಬ್ಯಾಕ್ಟೀರಿಯಾಕ್ಕೆ ಒಗ್ಗುವುದಿಲ್ಲ. ಹಾಗೆಂದು ಏನೂ ಆಗದು ಎಂದು ಅಭಯ ಕೊಡುವ ಹಕ್ಕು ಅಡುಗೆ ವಾಹಿನಿಗೆ ಇಲ್ಲ. ಅದು ಕೊಡಬೇಕಾದದ್ದು ಸ್ಪಷ್ಟವಾದ ಮಿತಿ: ಅಕ್ಕಿ, ಬೇಳೆ ಆರು ಗಂಟೆಗಿಂತ ಹೆಚ್ಚು ನೆನೆಯುವುದು ಬೇಡ, ಬೇಸಿಗೆಯಲ್ಲಿ ಫ್ರಿಜ್ಜಿನಲ್ಲೇ ನೆನೆಸಿ. ಉಬ್ಬಿದೊಡನೆ ಫ್ರಿಜ್ಜಿಗೆ ಹಾಕಿ, ಮೂರು ದಿನದೊಳಗೆ ಮುಗಿಸಿ. ಹಿಟ್ಟಿನ ಮೇಲೆ ಗುಲಾಬಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಅಥವಾ ಹುಳಿಯಲ್ಲದ ಕೊಳೆತ ವಾಸನೆ ಬಂದರೆ ರುಚಿ ನೋಡುವ ಗೋಜಿಗೂ ಹೋಗದೆ ಚೆಲ್ಲಿ. ತಿಂಗಳುಗಟ್ಟಲೆ ಫ್ರೀಜರಿನಲ್ಲಿಡುವ ಯೋಚನೆ ಬಿಡಿ. ನಮ್ಮ ಮನೆಗಳಲ್ಲಿ ಹಿಟ್ಟನ್ನು ವಾರವಿಡೀ ಎಳೆಯುವ ರೂಢಿ ಇರುವಾಗ ಮೂರು ದಿನ ಎಂಬುದು ಬಿಗಿ ಎನ್ನಿಸಬಹುದು. ಹೊಸಬರಿಗೆ ಹೇಳುವಾಗ ಬಿಗಿಯೇ ಒಳ್ಳೆಯದು; ಕೆಟ್ಟ ಹಿಟ್ಟಿನ ವಾಸನೆ ಅವರ ಮೂಗಿಗೆ ಇನ್ನೂ ಗುರುತಿಲ್ಲ.

ಕಾವಲಿಯ ಭಾಗ ಚಿತ್ರದಲ್ಲೇ ಹೆಚ್ಚು ತಿಳಿಯುತ್ತದೆ, ಮಾತು ಕಡಿಮೆ ಇದ್ದಷ್ಟೂ ವಾಸಿ. ಚೀನೀ ಮನೆಯಲ್ಲಿರುವುದು ಗುಂಡುತಳದ ಬಾಣಲೆ ಮತ್ತು ಅಂಟದ ಲೇಪನದ ಚಪ್ಪಟೆ ಪ್ಯಾನು. ದೋಸೆಗೆ ಎರಡನೆಯದು. ಇದರ ಕಷ್ಟವೆಂದರೆ ತುಂಬ ಕಾದರೆ, ಎಣ್ಣೆ ಹೆಚ್ಚಾದರೆ ಹಿಟ್ಟು ಸೌಟಿನ ಜೊತೆಗೇ ಜಾರಿ ಉಂಡೆಯಾಗುತ್ತದೆ. ಹಾಗಾಗಿ ಮಧ್ಯಮ ಉರಿಯಲ್ಲಿ ಕಾಯಿಸಿ, ನೀರು ಚಿಮುಕಿಸಿ ನೋಡಬೇಕು. ನೀರ ಹನಿ ಸುಯ್ಯೆಂದು ಆರಿಹೋದರೆ ಹದ. ಮುತ್ತಿನಂತೆ ಉರುಳಾಡಿದರೆ ಅತಿಯಾಗಿ ಕಾದಿದೆ. ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒರೆಸಿ, ಉರಿ ಸಣ್ಣ ಮಾಡಿ, ಒಂದು ಸೌಟು ಹಿಟ್ಟು ನಡುವಿಗೆ ಸುರಿದು ಒಳಗಿನಿಂದ ಹೊರಗೆ ಸುತ್ತಬೇಕು. ಪ್ಯಾನನ್ನು ಎತ್ತಿ ಓಲಾಡಿಸಬೇಡಿ ಎಂದು ಒಂದು ಸಾಲು ಹೇಳಲೇಬೇಕು, ಏಕೆಂದರೆ ಮೊಟ್ಟೆಯ ತೆಳು ಹಾಳೆ ಮಾಡುವಾಗ ಅವರು ಮಾಡುವುದು ಹಾಗೆಯೇ. ಹರಡಿದ ಮೇಲೆ ಉರಿ ಏರಿಸಿ, ಅಂಚಿಗೆ ಎಣ್ಣೆ ಅಥವಾ ಬೆಣ್ಣೆ ಬಿಡಬೇಕು. ದೋಸೆ ಬಿಳಿಚಿಕೊಂಡು ಕೆಂಪಾಗದಿದ್ದರೆ ಹುದುಗು ಸಾಲಲಿಲ್ಲ ಎಂದರ್ಥ. ಉಳಿದ ಹಿಟ್ಟಿಗೆ ಅರ್ಧ ಚಮಚ ಸಕ್ಕರೆ ಕಲಸಿದರೆ ಬಣ್ಣ ಬರುತ್ತದೆ. ಮೊದಲನೆಯ ದೋಸೆ ಕಿತ್ತುಹೋದರೆ ಅದನ್ನು ಕತ್ತರಿಸಿ ತೆಗೆಯದೆ ವಿಡಿಯೊದಲ್ಲಿ ಉಳಿಸಿಕೊಳ್ಳುವುದು ಮೇಲು. ನೋಡುಗರ ಮೊದಲ ದೋಸೆಯೂ ಕಿತ್ತುಹೋಗುತ್ತದೆ.

ಬರವಣಿಗೆಯ ಅಳತೆ ಬೇರೆಯೇ. ಚೀನೀ ನಿರೂಪಣೆ ಹಿತವಾದ ವೇಗದಲ್ಲಿ ನಿಮಿಷಕ್ಕೆ ಸುಮಾರು 220ರಿಂದ 240 ಅಕ್ಷರ ಸಾಗುತ್ತದೆ, ಐದು ನಿಮಿಷದ ವಿಡಿಯೊಕ್ಕೆ 1000 ಅಕ್ಷರದ ಮಾತು ಸಾಕು. ಅಡಿಸಾಲಿನಲ್ಲಿ ಒಂದು ಸಲಕ್ಕೆ 16ರ ಒಳಗೆ ಇದ್ದರೆ ಫೋನಿನಲ್ಲಿ ಓದಲು ಸುಲಭ. ಅಮ್ಮನ ಕನ್ನಡ ಹೀಗೆ ಹರಿಯುತ್ತದೆ: "ನೆನೆಸಿದ ಬೇಳೆಯನ್ನ ಬಸಿದು, ಜಾರಿಗೆ ಹಾಕಿ, ತಣ್ಣೀರು ಬಿಟ್ಟು, ನೊರೆ ಬರೋವರೆಗೂ ರುಬ್ಬಿ, ಪಾತ್ರೆಗೆ ತೆಗೆದುಕೊಂಡು..." ಕ್ರಿಯಾಪದ ಒಂದರ ಬಾಲಕ್ಕೊಂದು ಹೆಣೆದುಕೊಂಡು ಹೋಗುವ ಈ ವಾಕ್ಯ ಕಿವಿಗೆ ಸೊಗಸು, ಅಡಿಸಾಲಿಗೆ ಹೊರೆ. ಚೀನೀ ಸ್ಕ್ರಿಪ್ಟ್‌ನಲ್ಲಿ ಅದು ಐದು ತುಂಡಾಗಿ, ಒಂದು ಕೆಲಸಕ್ಕೆ ಒಂದು ಸಾಲು, ಒಂದು ಸಾಲಿಗೆ ಒಂದು ದೃಶ್ಯ ಎಂದು ಕೂರಬೇಕು. ಅಮ್ಮನ ಕನ್ನಡ ದನಿಯನ್ನು ಅಳಿಸಿ ಚೀನೀ ದನಿ ಹಾಕುವುದಕ್ಕಿಂತ, ಅದನ್ನು ಹಿನ್ನೆಲೆಯಲ್ಲಿ ಉಳಿಸಿ ಚೀನೀ ಅಡಿಸಾಲು ಕೊಡುವುದು ಅಗ್ಗವೂ ಹೌದು, ಕೇಳಲು ಚೆಂದವೂ ಹೌದು. ಚೀನೀ ಬಲ್ಲವರೊಬ್ಬರಿಂದ ಅಕ್ಕಿ, ಬೇಳೆಗಳ ಹೆಸರನ್ನಾದರೂ ಓದಿಸಿ ನೋಡುವುದು ಮಾತ್ರ ತಪ್ಪಬಾರದು.

ಚಟ್ನಿಗೆ ಹಸಿ ತೆಂಗಿನಕಾಯಿ, ಹುರಿಗಡಲೆ, ಕರಿಬೇವು ಎಂದು ಪಟ್ಟಿ ಕೊಟ್ಟರೆ ಉತ್ತರ ಚೀನಾದವರು ಅಲ್ಲೇ ವಿಡಿಯೊ ಮುಚ್ಚುತ್ತಾರೆ. ಶೇಂಗಾ ಚಟ್ನಿ ಸಾಕು. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅವರ ಮನೆಯಲ್ಲೇ ಇವೆ. ಹುಣಸೆ ಸಿಗದಿದ್ದರೆ ನಾಲ್ಕು ಹನಿ ಅಕ್ಕಿಯ ವಿನೆಗರ್.

ಉದ್ದಿನಬೇಳೆ ಸಿಗಲೇ ಇಲ್ಲ, ಹುದುಗಿನ ಭಯವೂ ಹೋಗಲಿಲ್ಲ ಎನ್ನುವವರಿಗೆ ಕೊನೆಯ ಇಪ್ಪತ್ತು ಸೆಕೆಂಡುಗಳಲ್ಲಿ ತುಳುನಾಡಿನ ನೀರುದೋಸೆಯನ್ನು ತೋರಿಸಬಹುದು. ಅದೇ ಶ್ಯೆನ್ ಮಿ 200 ಗ್ರಾಂ, ನಾಲ್ಕು ಗಂಟೆ ನೆನೆಸಿ ಆದಷ್ಟು ನುಣ್ಣಗೆ ರುಬ್ಬಿ, ಹಾಲಿನಷ್ಟು ತೆಳ್ಳಗಾಗುವವರೆಗೆ ನೀರು ಬೆರೆಸಿ ಉಪ್ಪು ಹಾಕಿದರೆ ಆಯಿತು, ಕಾಯುವ ಕೆಲಸವಿಲ್ಲ. ಇದಕ್ಕೆ ಪ್ಯಾನು ಚೆನ್ನಾಗಿ ಕಾದಿರಬೇಕು, ಸೌಟಿನಿಂದ ಹರಡದೆ ಹೊರಗಿನಿಂದ ಒಳಕ್ಕೆ ಚೆಲ್ಲಬೇಕು, ಇಲ್ಲಿ ಪ್ಯಾನನ್ನು ಓಲಾಡಿಸಬಹುದು. ಮುಚ್ಚಳ ಮುಚ್ಚಿ ಒಂದು ನಿಮಿಷದೊಳಗೆ ತೆಗೆದರೆ ಬಿಳಿ ಬಟ್ಟೆಯಂಥ ದೋಸೆ, ಮಗುಚುವ ಅಗತ್ಯವಿಲ್ಲ. ಹಬೆಯಲ್ಲಿ ಬೇಯಿಸಿದ ಅಕ್ಕಿಹಾಳೆಯನ್ನು ಸುರುಳಿ ಸುತ್ತಿ ತಿನ್ನುವ ಗುವಾಂಗ್‌ಡಾಂಗಿನವರು ಇದನ್ನು ಮೊದಲ ಸಲಕ್ಕೇ ಸರಿಯಾಗಿ ಎಬ್ಬಿಸುತ್ತಾರೆ. ಪ್ರತಿ ಸಲ ಹುಯ್ಯುವ ಮೊದಲು ಹಿಟ್ಟನ್ನು ತಳದಿಂದ ಕಲಕಿಕೊಳ್ಳಿ ಎಂಬ ಸಾಲನ್ನು ಮಾತ್ರ ಪರದೆಯ ಮೇಲೆ ಬಿಡಬೇಕು. ಅಕ್ಕಿ ಅಡಿಗಿಳಿದರೆ ಕಡೆಯ ನಾಲ್ಕು ದೋಸೆ ದಪ್ಪಗಾಗುತ್ತವೆ.